ಉತ್ತರ ಗೇಟಿನ ವೇಬ್ರಿಡ್ಜ್ ತೂಕದಲ್ಲಿ ಏರುಪೇರು: ಇಂದು ಸಂಜೆ 4 ಗಂಟೆಯೊಳಗೆ ತಮ್ಮ ಒಪ್ಪಿಗೆ ಕೋರಿ

ಇವರಿಗೆ: ಮಾನ್ಯ ಪ್ರಧಾನ ವ್ಯವಸ್ಥಾಪಕರು, ಸಕ್ಕರೆ ಕಾರ್ಖಾನೆ, ಮಂಡ್ಯ ತಾಲ್ಲೂಕು
ಇವರಿಂದ: ಮೇಲ್ವಿಚಾರಕರು, ವಿದ್ಯುತ್ ಮತ್ತು ಉಪಕರಣ ವಿಭಾಗ
ಬುಧವಾರ, ಬೆಳಿಗ್ಗೆ 11.30

ಮಾನ್ಯರೇ,

ಉತ್ತರ ಗೇಟಿನ ವೇಬ್ರಿಡ್ಜ್ ಸೋಮವಾರ ರಾತ್ರಿಯ ಮಳೆಯ ನಂತರ ನಂಬುವಂಥ ತೂಕ ತೋರಿಸುತ್ತಿಲ್ಲ. ಅದನ್ನು ಈಗಿನಿಂದಲೇ ನಿಲ್ಲಿಸಿ, ಕಬ್ಬಿನ ಗಾಡಿಗಳನ್ನೆಲ್ಲ ದಕ್ಷಿಣ ಗೇಟಿಗೆ ಕಳುಹಿಸಲು ಹಾಗೂ ನಾಳೆ ದುರಸ್ತಿಗೆ ತಂತ್ರಜ್ಞರನ್ನು ಕರೆಸಲು ತಮ್ಮ ಒಪ್ಪಿಗೆ ಬೇಕಾಗಿದೆ.

ಆಗಿರುವುದನ್ನು ಒಂದು ಹೋಲಿಕೆಯಿಂದ ವಿವರಿಸುತ್ತೇನೆ. ಆರು ಮಂದಿ ಒಂದು ಪಲ್ಲಕ್ಕಿ ಹೊತ್ತಿದ್ದಾರೆ, ಒಬ್ಬೊಬ್ಬರೂ ತಮ್ಮ ಹೆಗಲಿಗೆ ಬಿದ್ದ ಭಾರವನ್ನು ಹೇಳುತ್ತಾರೆ, ಗುಮಾಸ್ತರು ಆರನ್ನೂ ಕೂಡಿ ಒಟ್ಟು ತೂಕ ಬರೆದುಕೊಳ್ಳುತ್ತಾರೆ ಎಂದುಕೊಳ್ಳಿ. ವೇಬ್ರಿಡ್ಜ್ ಕೆಲಸ ಮಾಡುವುದೂ ಹೀಗೆಯೇ. ಕಬ್ಬಿನ ಗಾಡಿ ನಿಲ್ಲುವ ಹಲಗೆಯ ಕೆಳಗೆ ಭಾರ ಅರಿಯುವ ಆರು ಉಕ್ಕಿನ ಗಟ್ಟಿಗಳಿವೆ. ಅವುಗಳ ತಂತಿಗಳೆಲ್ಲ ಗುಂಡಿಯೊಳಗಿನ ಒಂದು ಪೆಟ್ಟಿಗೆಯಲ್ಲಿ ಕೂಡಿ, ಅಲ್ಲಿಂದ ಒಂದೇ ತಂತಿ ತೂಕದ ಕೋಣೆಗೆ ಬರುತ್ತದೆ. ಈ ಆರರಲ್ಲಿ ಒಂದು ಈಗ ತನ್ನ ಪಾಲನ್ನು ಒಮ್ಮೆ ಒಂದು ರೀತಿ, ಇನ್ನೊಮ್ಮೆ ಇನ್ನೊಂದು ರೀತಿ ಹೇಳುತ್ತಿದೆ. ಪೂರ್ತಿ ಭಾರ ಬಿದ್ದಾಗಲೂ ಗಟ್ಟಿಯಿಂದ ಬರುವ ವಿದ್ಯುತ್ತಿನ ಒತ್ತಡ ಟಾರ್ಚ್ ಬ್ಯಾಟರಿಯ ಐವತ್ತನೇ ಒಂದು ಪಾಲನ್ನು ಮೀರುವುದಿಲ್ಲ. ಇಷ್ಟು ಕ್ಷೀಣವಾದುದಕ್ಕೆ ಒಂದು ಹನಿ ತೇವ ತಾಗಿದರೂ ಲೆಕ್ಕ ಹಳಿ ತಪ್ಪುತ್ತದೆ.

ಕಂಪ್ಯೂಟರ್ ಸರಿಯಾಗಿಯೇ ಇದೆ. ತೂಕದ ಕೋಣೆಯ ಯಂತ್ರ ಕೊಟ್ಟ ಅಂಕಿಯನ್ನೇ ಅದು ಚೀಟಿಯ ಮೇಲೆ ಮುದ್ರಿಸುತ್ತದೆ. ಆ ಯಂತ್ರದ ಮೇಲೂ ಅನುಮಾನವಿಲ್ಲ. ನಿನ್ನೆ ಮಧ್ಯಾಹ್ನ ನಮ್ಮದೇ ಖಾಲಿ ಟ್ರ್ಯಾಕ್ಟರನ್ನು ಹಲಗೆಯ ನಾಲ್ಕು ಮೂಲೆ ಮತ್ತು ನಡುವೆ ಮೂರು ಸಲ ನಿಲ್ಲಿಸಿ ನೋಡಿದೆವು. ನಾಲ್ಕು ಕಡೆ 2,140 ಕಿಲೋ ಬಂದರೆ, ಚರಂಡಿಯ ಪಕ್ಕದ ಮೂಲೆಯಲ್ಲಿ ಮಾತ್ರ ಮೂರೂ ಸಲ 2,060 ಬಂತು. ಯಂತ್ರವೇ ಕೆಟ್ಟಿದ್ದರೆ ಎಲ್ಲ ಮೂಲೆಯಲ್ಲೂ ಒಂದೇ ತಪ್ಪು ಕಾಣಬೇಕಿತ್ತು. ಆ ಮೂಲೆಯ ಕೆಳಗೆ ಗುಂಡಿಯಲ್ಲಿ ಒಂದು ಗೇಣು ನೀರು ನಿಂತಿತ್ತು. ಇದರ ಜೊತೆಗೆ, ಹಲಗೆ ಖಾಲಿ ಇರುವಾಗ ಬೆಳಿಗ್ಗೆ ಸೊನ್ನೆಯ ಬದಲು 60 ಕಿಲೋ ತೋರಿಸಿದ್ದು, ಬಿಸಿಲೇರಿದ ಮೇಲೆ ತಾನಾಗಿಯೇ ಇಳಿಯಿತು.

ತೊಂದರೆ ಹಲಗೆಯ ಕೆಳಗಿದೆ ಎಂಬುದು ಖಚಿತ. ಆದರೆ ತೇವ ಪೆಟ್ಟಿಗೆಯೊಳಗಿದೆಯೋ, ಆ ಮೂಲೆಯ ಗಟ್ಟಿಯೊಳಗೇ ಇಳಿದಿದೆಯೋ ಎಂಬುದು ಪೆಟ್ಟಿಗೆ ತೆರೆದ ಮೇಲಷ್ಟೇ ತಿಳಿಯುತ್ತದೆ. ಅದರ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವುದರಿಂದ ನಾವು ಕೈ ಹಾಕಿಲ್ಲ.

ಎಂಬತ್ತು ಕಿಲೋ ಸಣ್ಣದೆನಿಸಬಹುದು. ನನಗೆ ಹಾಗೆ ಅನಿಸುವುದಿಲ್ಲ. ರೈತರ ಕಬ್ಬಿನ ತೂಕವೆಂದರೆ ತುಂಬಿದ ಗಾಡಿಯ ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆದು ಉಳಿದದ್ದು. ಎರಡು ತೂಕಗಳ ನಡುವೆ ಎರಡು ಮೂರು ಗಂಟೆ ಕಳೆಯುತ್ತದೆ. ತಪ್ಪು ಎರಡೂ ಸಲ ಒಂದೇ ಆಗಿದ್ದರೆ ಕಳೆಯುವಾಗ ಹೋಗುತ್ತಿತ್ತು. ಅದು ನಡುವೆಯೇ ಬದಲಾಗುತ್ತಿರುವುದರಿಂದ ಒಬ್ಬರಿಗೆ ನಷ್ಟ, ಇನ್ನೊಬ್ಬರಿಗೆ ಹೆಚ್ಚುವರಿ ಆಗುತ್ತದೆ. ವರ್ಷವಿಡೀ ನೀರು ಕಟ್ಟಿ ಬೆಳೆಸಿದವರು ನಮ್ಮ ಚೀಟಿಯನ್ನು ನಂಬಿ ಮನೆಗೆ ಹೋಗುತ್ತಾರೆ. ಅನುಮಾನವಿರುವ ಹಲಗೆಯ ಮೇಲೆ ಇನ್ನೊಂದು ಗಾಡಿಯನ್ನೂ ತೂಗಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ತಾವು ಒಪ್ಪಿದರೆ ಮೈಸೂರಿನ ತಂತ್ರಜ್ಞರು ನಾಳೆ ಬೆಳಿಗ್ಗೆ 8ಕ್ಕೆ ಬರುತ್ತಾರೆ. ಪೆಟ್ಟಿಗೆ ಒಣಗಿಸಿ ಮುಚ್ಚಳದ ರಬ್ಬರ್ ಬದಲಿಸುವುದಷ್ಟೇ ಆದರೆ 6,500 ರೂಪಾಯಿ, ಗಟ್ಟಿಯನ್ನೂ ಬದಲಿಸಬೇಕಾದರೆ ಇನ್ನೂ 22,000 ರೂಪಾಯಿ ಆಗುತ್ತದೆ. ಆದ್ದರಿಂದ ಒಟ್ಟು 28,500 ರೂಪಾಯಿಗೆ ಮಂಜೂರಾತಿ ಕೋರಿದ್ದೇನೆ. ಮುದ್ರೆ ಒಡೆದ ಮೇಲೆ ಇಲಾಖೆಯ ಇನ್‌ಸ್ಪೆಕ್ಟರ್ ಪರೀಕ್ಷಿಸಿ ಮತ್ತೆ ಮುದ್ರೆ ಹಾಕುವವರೆಗೆ ಬಳಸುವಂತಿಲ್ಲ. ಅವರಿಗೆ ಕೊಡಬೇಕಾದ ಪತ್ರವನ್ನು ಸಿದ್ಧಪಡಿಸಿ ಇದರೊಂದಿಗೆ ಇಟ್ಟಿದ್ದೇನೆ. ತಮ್ಮ ಸಹಿಯಾದರೆ ಇಂದೇ ಮಂಡ್ಯದ ಕಚೇರಿಗೆ ತಲುಪಿಸುತ್ತೇನೆ.

ಅಲ್ಲಿಯವರೆಗೆ ದಕ್ಷಿಣ ಗೇಟಿನಲ್ಲಿ ಸಾಲು ಉದ್ದವಾಗುವುದು ಖಂಡಿತ. ನಾಳೆ, ನಾಡಿದ್ದಿನ ಕಟಾವು ಆದೇಶಗಳನ್ನು ಸ್ವಲ್ಪ ಕಡಿಮೆ ಮಾಡುವಂತೆ ಕಬ್ಬು ವಿಭಾಗಕ್ಕೆ ತಾವೇ ಒಂದು ಮಾತು ಹೇಳಿದರೆ, ಕಡಿದ ಕಬ್ಬು ಗಾಡಿಯಲ್ಲೇ ಒಣಗುವುದು ತಪ್ಪುತ್ತದೆ.

ಸೋಮವಾರ ರಾತ್ರಿಯಿಂದ ಈ ಹಲಗೆಯ ಮೇಲೆ ತೂಗಿದ 112 ಗಾಡಿಗಳ ಚೀಟಿಗಳನ್ನು ಬೇರೆ ತೆಗೆದಿರಿಸಿದ್ದೇನೆ. ಅವುಗಳ ಬಿಲ್ಲನ್ನು ಲೆಕ್ಕ ವಿಭಾಗ ಸದ್ಯಕ್ಕೆ ತಡೆಹಿಡಿಯಲಿ. ಹೇಗೆ ಸರಿಪಡಿಸಬೇಕೆಂಬುದನ್ನು ದುರಸ್ತಿಯಾದ ಮೇಲೆ ತಮ್ಮೊಡನೆ ಕುಳಿತು ತೀರ್ಮಾನಿಸಬಹುದು.

ಮಂಜೂರಾತಿ ಪತ್ರ ಮತ್ತು ಇನ್‌ಸ್ಪೆಕ್ಟರಿಗೆ ಬರೆದ ಪತ್ರ, ಈ ಎರಡರ ಮೇಲೆ ತಮ್ಮ ಸಹಿ ಸಂಜೆ 4ರೊಳಗೆ ಸಿಕ್ಕರೆ ಸಾಕು. ನಾನು ತೂಕದ ಕೋಣೆಯಲ್ಲೇ ಇರುತ್ತೇನೆ.

ತಮ್ಮ ವಿಶ್ವಾಸಿ,
ಮೇಲ್ವಿಚಾರಕರು, ವಿದ್ಯುತ್ ಮತ್ತು ಉಪಕರಣ ವಿಭಾಗ