ಇಸವಿ ತಪ್ಪು

ಬುಧವಾರದ ಸೆಮಿನಾರ್ ಅಂದರೆ ಮಂಜುನಾಥನಿಗೆ ಹಬ್ಬ. ಕೋಲಾರದ ಆ ಕಾಲೇಜಿನಲ್ಲಿ ಅರ್ಥಶಾಸ್ತ್ರ ಎಂ.ಎ. ಓದುತ್ತಿದ್ದ ಇಪ್ಪತ್ತೆರಡು ಜನರಲ್ಲಿ ವಾದಕ್ಕೆ ನಿಂತು ಇವನು ಸೋತದ್ದೇ ಇಲ್ಲ. ಗುಟ್ಟು ಸಣ್ಣದು. ಎದುರಿನವರು ಮಾತಾಡುವಾಗ ತಪ್ಪು ಹೆಕ್ಕುತ್ತಾ ಕೂರುತ್ತಿದ್ದ. ಒಂದು ಅಂಕಿ, ಒಂದು ಹೆಸರು, ಏನಾದರೂ ಸಿಕ್ಕೇ ಸಿಗುತ್ತಿತ್ತು. ಅದನ್ನು ಹಿಡಿದು ಎಳೆದರೆ ಸಾಕು, ಉಳಿದದ್ದು ಯಾರಿಗೂ ಬೇಡ.

ಅವತ್ತಿನ ವಿಷಯ ಕೆ.ಸಿ. ವ್ಯಾಲಿ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ತುಂಬಿಸುವ ಯೋಜನೆ. ಪರವಾಗಿ ಮಂಜುನಾಥ, ವಿರೋಧವಾಗಿ ಶಬಾನಾ.

ಅವನು ಚೆನ್ನಾಗಿಯೇ ಮಾತಾಡಿದ. ದಿನಕ್ಕೆ 440 ದಶಲಕ್ಷ ಲೀಟರ್ ನೀರಿನ ಯೋಜನೆ, ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆಗೆ. ಆಮೇಲೆ ಮನೆಯ ಕಥೆ. ಅಪ್ಪ ಸಾವಿರದ ಇನ್ನೂರು ಅಡಿ ಕೊರೆಸಿದ ಬೋರ್‌ವೆಲ್‌ನಲ್ಲಿ ಬರೀ ಧೂಳು ಬಂದಿತ್ತು. ಊರ ಕೆರೆ ತುಂಬಿದ ಮೇಲೆ ಅದೇ ಬೋರ್‌ನಲ್ಲಿ ಮೂರು ಇಂಚು ನೀರು. "ಕೆರೆ ನೀರು ಇಂಗಿ ಬೋರ್‌ವೆಲ್‌ಗೆ ಇಳಿದಿದೆ. ಇದಕ್ಕಿಂತ ಪುರಾವೆ ಬೇಕಾ?" ಎಂದು ಕೈ ಚಾಚಿದ. ಹಿಂದಿನ ಬೆಂಚಿನಿಂದ ಚಪ್ಪಾಳೆ.

ಶಬಾನಾ ಎದ್ದಳು. ಕೈಯಲ್ಲಿ ಒಂದೇ ಚೀಟಿ.

"2019ರಲ್ಲಿ ಮೊದಲು ನೀರು ಬಂದಾಗ ನಮ್ಮೂರಲ್ಲೂ ಪೂಜೆ ಮಾಡಿದ್ರು. ನೀರು ಬೇಡ ಅಂತ ನಾನು ಹೇಳ್ತಿಲ್ಲ. ಒಂದೇ ಪ್ರಶ್ನೆ. ಕೆರೆ ನೀರು ಬೋರ್‌ವೆಲ್‌ಗೆ ಇಳಿಯುತ್ತೆ ಅಂತ ಮಂಜುನಾಥ ಅವರೇ ಹೇಳಿದ್ರು. ಹಾಗಾದ್ರೆ ನೀರಲ್ಲಿ ಕರಗಿರೋದೂ ಇಳಿಯುತ್ತೆ ಅಲ್ವಾ? ಮಣ್ಣು ಕಸ ಸೋಸುತ್ತೆ, ಕ್ರಿಮಿ ಹಿಡಿಯುತ್ತೆ. ನೈಟ್ರೇಟ್ ಹಿಡಿಯಲ್ಲ. ಎರಡನೇ ಹಂತದ ಶುದ್ಧೀಕರಣದಲ್ಲಿ ಅದು ಪೂರ್ತಿ ಹೋಗೋದೂ ಇಲ್ಲ. ಮೂರನೇ ಹಂತ ಯಾಕೆ ಬೇಡ?"

ಕೂತುಬಿಟ್ಟಳು. ಐದು ನಿಮಿಷದಲ್ಲಿ ಮೂರು ಉಳಿದಿತ್ತು.

ಮಂಜುನಾಥನ ಪೆನ್ನಿನ ಕೆಳಗೆ ಆಗಲೇ ಒಂದು ಗೆರೆ ಬಿದ್ದಿತ್ತು. 2019. ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂದದ್ದು 2018ರ ಜೂನ್‌ನಲ್ಲಿ.

"ನೀರು ಬಂದ ಇಸವಿಯೇ ಗೊತ್ತಿಲ್ಲದವರು," ಎಂದು ಶುರು ಮಾಡಿದ. ನಗು ಎದ್ದಿತು. "ಅದು 2018, ಮೇಡಂ."

"ಹೌದಾ? ಸರಿ, 2018. ನನ್ನದೇ ತಪ್ಪು," ಎಂದು ಚೀಟಿಯಲ್ಲಿ ಅಲ್ಲೇ ತಿದ್ದಿಕೊಂಡಳು. "ಈಗ ನೈಟ್ರೇಟ್ ವಿಷಯ ಹೇಳಿ."

ಅಷ್ಟೇ. ಎಳೆಯೋಣ ಅಂದರೆ ಹಗ್ಗದ ಆ ತುದಿಯಲ್ಲಿ ಯಾರೂ ಇರಲಿಲ್ಲ. ನಗುತ್ತಿದ್ದವರು ಈಗ ಇವನ ಮುಖ ನೋಡುತ್ತಿದ್ದರು. ಪಕ್ಕದಲ್ಲಿದ್ದ ಪ್ರಸನ್ನ, "ಪುರಾವೆ ಕೇಳೋ, ಪುರಾವೆ," ಎಂದು ಪಿಸುಗುಟ್ಟಿದ. ಕೇಳಬಹುದಿತ್ತು. ಆದರೆ ಮಂಜುನಾಥನ ತಲೆಯಲ್ಲಿ ಸುಮ್ನೆ ಒಂದು ಚಿತ್ರ ಬಂತು: ಅಡುಗೆಮನೆ ಬಾಗಿಲ ಹಿಂದಿನ ನೀಲಿ ಕ್ಯಾನು. ಬೋರ್‌ನಲ್ಲಿ ಮೂರು ಇಂಚು ನೀರಿದ್ದರೂ ಅಮ್ಮ ಕುಡಿಯಲು ಇವತ್ತಿಗೂ ಕ್ಯಾನಿನ ನೀರನ್ನೇ ತರಿಸುತ್ತಾಳೆ. ಯಾಕೆ ಅಂತ ಇವನು ಕೇಳಿಯೇ ಇರಲಿಲ್ಲ.

ಗೋಡೆ ಗಡಿಯಾರದ ಸದ್ದು ಜಾಸ್ತಿ ಆದ ಹಾಗಿತ್ತು.

"ಅದು..." ಗಂಟಲು ಸರಿ ಮಾಡಿಕೊಂಡ. "ಅದು ಸರಿ. ಶಬಾನಾ ಹೇಳಿದ್ದು ಸರಿ ಇದೆ. ನೀರು ಇಳಿಯುತ್ತೆ, ಬೇರೇನೂ ಇಳಿಯಲ್ಲ ಅಂತ ನಾನು ಹೇಳೋಕಾಗಲ್ಲ."

ಹಿಂದಿನ ಬೆಂಚಿನವರಿಗೆ ಚಪ್ಪಾಳೆ ತಟ್ಟಬೇಕೋ ಬೇಡವೋ ಗೊತ್ತಾಗಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು, "ಮತ್ತೆ ನಿನ್ನ ವಾದ?" ಅಂದರು.

"ನೀರು ಬರಲಿ ಅಂತಲೇ ಸರ್. ನಿಲ್ಲಿಸಿದರೆ ನಮ್ಮ ಟೊಮೆಟೊ ಒಣಗುತ್ತೆ. ಆದರೆ ಮೂರನೇ ಹಂತ ಬೇಕು ಅಂತ ಮೊದಲು ಕೇಳಬೇಕಾದವರು ನಾವೇ, ಆ ನೀರು ಹಾಯಿಸೋರು."

ಕೂತಾಗ ಅಂಗಿಯ ಬೆನ್ನು ಒದ್ದೆಯಾಗಿತ್ತು. ಶಬಾನಾ ಅವನ ಕಡೆ ನೋಡಲೂ ಇಲ್ಲ. ಏನೋ ಬರೆದುಕೊಳ್ಳುತ್ತಿದ್ದಳು.

ಮಧ್ಯಾಹ್ನ ಕ್ಯಾಂಟೀನ್ ಮುಂದೆ ನಿಂತು ಮನೆಗೆ ಫೋನ್ ಮಾಡಿದ.

"ಅಮ್ಮಾ, ಬೋರ್ ನೀರು ಯಾಕೆ ಕುಡಿಯಲ್ಲ ನೀನು?"

"ಅಯ್ಯೋ, ಅದರಲ್ಲಿ ಫ್ಲೋರೈಡ್ ಅಲ್ವೇನೋ. ನೀನು ಹುಟ್ಟೋಕೆ ಮುಂಚೆಯಿಂದ ಕುಡಿಯಲ್ಲ. ನಿಮ್ಮ ತಾತನ ಮಂಡಿ, ಹಲ್ಲು ನೋಡಿಲ್ವಾ? ಊಟ ಆಯ್ತಾ?"

ಫೋನ್ ಇಟ್ಟ. ಕ್ಯಾನಿಗೂ ಕೆ.ಸಿ. ವ್ಯಾಲಿಗೂ ಸಂಬಂಧವೇ ಇರಲಿಲ್ಲ! ಇದನ್ನು ಬೆಳಿಗ್ಗೆಯೇ ಕೇಳಿದ್ದರೆ? ಶಬಾನಾ ಪಕ್ಕದ ಮೇಜಿನಲ್ಲಿ ಚಿತ್ರಾನ್ನ ತಿನ್ನುತ್ತಿದ್ದಳು. ಹೋಗಿ ಎಲ್ಲವನ್ನೂ ಹೇಳಿದ, ಕ್ಯಾನಿನ ಕಥೆಯನ್ನೂ ಸೇರಿಸಿ.

ಅವಳಿಗೆ ನಗು ತಡೆಯಲಾಗಲಿಲ್ಲ. "ಹಾಗಾದ್ರೆ ಒಪ್ಪಿಕೊಂಡಿದ್ದು ವಾಪಸ್ ತಗೋತೀಯಾ?"

ಅವನು ಸ್ವಲ್ಪ ಹೊತ್ತು ಯೋಚಿಸಿದ. "ಇಲ್ಲ. ನೈಟ್ರೇಟ್ ಅಲ್ಲೇ ಇದೆಯಲ್ಲ."

"ಕೂತ್ಕೋ," ಎಂದು ತಟ್ಟೆ ಸರಿಸಿದಳು. "ಫ್ಲೋರೈಡ್ ವಿಷಯ ಹೇಳು. ಅದು ನನಗೆ ಹೊಳೆದೇ ಇರಲಿಲ್ಲ."