ನಾನು ಬರೆದಿಡ್ತಿರೋ ವಿಲ್ಲು

ತಾರೀಕು 12-11-2025, ತೀರ್ಥಹಳ್ಳಿ.

ನಾನು ಸಾವಿತ್ರಿ, ನಾಗರಾಜ ಅವ್ರ ಹೆಂಡ್ತಿ, ಹುಟ್ಟಿದ್ದು 14-6-1951, ಈಗ 74 ವರ್ಷ, ನಿವೃತ್ತ ಪ್ರೈಮರಿ ಶಾಲೆ ಮೇಡಂ, ತೀರ್ಥಹಳ್ಳಿ ಸೀಬಿನಕೆರೆಯಲ್ಲಿರೋ ನನ್ನ ಸ್ವಂತ ಮನೇಲಿ ವಾಸ. ಬುದ್ಧಿ ನೆಟ್ಟಗಿದೆ, ಯಾರ ಒತ್ತಾಯನೂ ಇಲ್ಲ, ನಾನಾಗೇ ಕೂತು ಈ ವಿಲ್ಲು ಬರೀತಿದೀನಿ. ಮಕ್ಕಳು ಮೂರೂ ಜನ ಓದಿ ತಕ್ಷಣ ಅರ್ಥ ಮಾಡ್ಕೋಬೇಕು ಅಂತ ಮನೇಲಿ ಮಾತಾಡೋ ಹಾಗೇ ಬರ್ದಿದೀನಿ, ವಕೀಲರಿಗೂ ಓದಿಸಿದೀನಿ. ಇದಕ್ಕೆ ಮುಂಚೆ ನಾನು ಯಾವ ವಿಲ್ಲೂ ಬರೆದಿಲ್ಲ, ಇದೇ ಮೊದಲನೇದು. ಮುಂದೆ ಏನಾದ್ರೂ ಬದಲಾಯಿಸ್ಬೇಕು ಅನ್ಸಿದ್ರೆ ಹೀಗೇ ಇಬ್ರು ಸಾಕ್ಷಿ ಮುಂದೆ ಬರೆದು ಸೈನ್ ಮಾಡ್ತೀನಿ, ಬಾಯಲ್ಲಿ ಅಮ್ಮ ಹಾಗಂದಿದ್ಲು ಹೀಗಂದಿದ್ಲು ಅನ್ನೋದು ಯಾವುದೂ ನಡೆಯಲ್ಲ.

ನಮ್ಗೆ ಮೂರು ಮಕ್ಕಳು. ದೊಡ್ಡೋಳು ಸುಮಾ, ಹೊಸನಗರದ ಹತ್ರ ಕೊಟ್ಟಿದ್ದು. ಎರಡನೇದು ಪ್ರಸನ್ನ, ಬೆಂಗಳೂರಲ್ಲಿದಾನೆ. ಕೊನೇದು ವೀಣಾ, ಮದುವೆ ಆಗಿಲ್ಲ, ನಮ್ಮ ಜೊತೆನೇ ಇದ್ದು ಇಲ್ಲೇ ಕೆಲಸಕ್ಕೆ ಹೋಗ್ತಾಳೆ.

ಮೊದ್ಲು ಮನೆ ವಿಷಯ. ಸೀಬಿನಕೆರೆಯ 40 ಅಡಿ 60 ಅಡಿ ಸೈಟು 1992ರಲ್ಲಿ ರಿಜಿಸ್ಟರ್ ಆದ ಕ್ರಯಪತ್ರದಲ್ಲಿ ನನ್ನ ಹೆಸ್ರಿಗೆ ತಗೊಂಡಿದ್ದು, ಮನೆ ಕಟ್ಟಿದ್ದು 1996ರಲ್ಲಿ, ಎರಡಕ್ಕೂ ನನ್ನ ಸಂಬಳದ ದುಡ್ಡು ಮತ್ತೆ ನಾನು ಮಾಡಿದ ಸಾಲ, ಆ ಸಾಲ ನಾನು 2011ರಲ್ಲಿ ರಿಟೈರ್ ಆಗೋ ಮುಂಚೆನೇ ತೀರಿದೆ. ಹಾಗಾಗಿ ಇದು ಪೂರ್ತಿ ನನ್ನ ಸ್ವಯಾರ್ಜಿತ, ಪಿತ್ರಾರ್ಜಿತ ಒಂದು ಅಡಿನೂ ಇಲ್ಲ. ಖಾತೆ, ಕಂದಾಯ ಎಲ್ಲ ನನ್ನ ಹೆಸ್ರಲ್ಲೇ ಇದೆ, ಅಸೆಸ್ಮೆಂಟ್ ನಂಬರು 412. ಚೆಕ್ಕುಬಂದಿ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಹಳ್ಳದ ಕಡೆ ಹೋಗೋ ಓಣಿ, ಉತ್ತರಕ್ಕೆ ಗಿರಿಜಕ್ಕನ ಮನೆ, ದಕ್ಷಿಣಕ್ಕೆ ಖಾಲಿ ಸೈಟು. ಕೆಳಗೆ ನಾವಿರೋದು, ಮೇಲೆ ಬಾಡಿಗೆಗೆ ಕೊಟ್ಟಿರೋ ಒಂದು ಸಣ್ಣ ಮನೆ.

ನಾನು ಹೋದ್ಮೇಲೆ ಈ ಮನೇಲಿ ನಮ್ಮನೆಯವ್ರು ನಾಗರಾಜ ಅವ್ರು ಬದುಕಿರೋವರೆಗೂ ಇರ್ಬೇಕು. ಈ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಇದೇ. ಕೆಳಗಿನ ಮನೆ, ಅಂಗಳ, ಹಿತ್ಲು, ಬಚ್ಚಲು ಎಲ್ಲ ಅವ್ರು ಈಗ ಹೇಗೆ ಉಪಯೋಗಿಸ್ತಾರೋ ಹಾಗೇ ಉಪಯೋಗಿಸ್ಲಿ. ಮೇಲಿನ ಮನೆ ಬಾಡಿಗೆ ಅವ್ರಿಗೇ ಸೇರ್ಬೇಕು, ಅದ್ರಲ್ಲಿ ಕಂದಾಯ, ಕರೆಂಟ್ ಬಿಲ್ಲು, ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸೋ ಖರ್ಚು ನೋಡ್ಕೊಳ್ಲಿ, ಸಾಲದಿದ್ರೆ ಮೂರೂ ಮಕ್ಕಳು ಸಮವಾಗಿ ಹಾಕ್ಬೇಕು. ನೋಡ್ಕೊಳ್ಳೋಕೆ ಯಾರನ್ನಾದ್ರೂ ಕೆಲಸಕ್ಕೆ ಇಟ್ಕೊಂಡ್ರೆ ಅವ್ರೂ ಅಲ್ಲೇ ಇರ್ಬಹುದು. ವೀಣಾನೂ ಅವ್ರ ಜೊತೆ ಇರ್ಬಹುದು, ಅದಕ್ಕೆ ಅವಳು ಯಾರಿಗೂ ಬಾಡಿಗೆ ಕೊಡ್ಬೇಕಾಗಿಲ್ಲ.

ಅವ್ರು ಇರೋವರೆಗೆ ಮನೆ ಮಾರೋದು, ಅಡ ಇಡೋದು, ಪಾಲು ಮಾಡೋದು, ಗೋಡೆ ಎಬ್ಬಿಸೋದು ಯಾರೂ ಮಾಡೋ ಹಾಗಿಲ್ಲ, ಮೂರೂ ಜನ ಒಪ್ಪಿದ್ರೂ ಮಾಡೋ ಹಾಗಿಲ್ಲ. ಅವ್ರಿಗಿರೋದು ವಾಸದ ಹಕ್ಕು ಮತ್ತು ಬಾಡಿಗೆ ಹಕ್ಕು, ಮಾರೋ ಹಕ್ಕು ಅವ್ರಿಗೂ ಇಲ್ಲ. ಇದು ಅವ್ರ ಮೇಲೆ ನಂಬಿಕೆ ಇಲ್ದೆ ಬರೆದಿದ್ದಲ್ಲ, ವಯಸ್ಸಾದೋರ ಹತ್ರ ಯಾರೋ ಬಂದು ಸೈನ್ ಹಾಕಿಸ್ಕೊಳ್ಳೋದು ತಪ್ಪಲಿ ಅಂತ, ಅವ್ರಿಗೂ ಓದಿ ಹೇಳಿ ಒಪ್ಪಿಸಿನೇ ಬರ್ದಿದೀನಿ. ಆಸ್ಪತ್ರೆಗೆ ಅಂತಲೋ ಮಕ್ಕಳ ಮನೆಗೆ ಅಂತಲೋ ಎಷ್ಟು ತಿಂಗಳು ಹೊರಗಿದ್ರೂ ಅವ್ರ ಹಕ್ಕು ಹೋಗಲ್ಲ, ವಾಪಸ್ ಬಂದಾಗ ಅವ್ರ ಕೋಣೆ ಅವ್ರಿಗೆ ಇದ್ದ ಹಾಗೇ ಇರ್ಬೇಕು.

ಮಕ್ಕಳೇ, ಅಪ್ಪಯ್ಯನ್ನ ಪಾಳಿ ಹಾಕ್ಕೊಂಡು ನಾಲ್ಕು ತಿಂಗಳು ಇವಳ ಮನೆ ನಾಲ್ಕು ತಿಂಗಳು ಅವನ ಮನೆ ಅಂತ ತಿರುಗಿಸ್ಬೇಡಿ. ಅಡಿಕೆ ಮಂಡೀಲಿ ಲೆಕ್ಕ ಬರ್ಕೊಂಡು ತಂದಿದ್ದನ್ನೆಲ್ಲ ನಿಮ್ಮ ಫೀಸಿಗೆ ಸುರಿದು ತನ್ನ ಹೆಸ್ರಲ್ಲಿ ಏನೂ ಇಟ್ಕೊಳ್ದೆ ಇರೋ ಮನುಷ್ಯ ಅವ್ರು. ನಾನು ಶಾಲೆಯಿಂದ ಮಳೇಲಿ ನೆಂದು ಬರೋಷ್ಟೊತ್ತಿಗೆ ಹಂಡೇಲಿ ನೀರು ಕಾಯ್ಸಿ ನಿಮ್ಗೆ ಊಟ ಹಾಕಿರ್ತಿದ್ರು. ಮನೆ ಪತ್ರದಲ್ಲಿ ನನ್ನ ಹೆಸ್ರಿದೆ, ಆದ್ರೆ ಅದು ಇಬ್ರೂ ಸೇರಿ ಕಟ್ಟಿದ ಮನೆ. ಅವ್ರಾಗೇ ಬರ್ತೀನಿ ಅಂದ್ರೆ ಖುಷಿಯಿಂದ ಕರ್ಕೊಂಡು ಹೋಗಿ, ಇಲ್ಲಾಂದ್ರೆ ನೀವೇ ಬನ್ನಿ, ಎಳ್ಳಮಾವಾಸ್ಯೆ ಜಾತ್ರೆಗಂತೂ ಮೂರೂ ಮನೆಯವ್ರು ಬನ್ನಿ.

ನನ್ನ ನಂತರ ಅವ್ರಿಗೆ ಬರೋ ಫ್ಯಾಮಿಲಿ ಪೆನ್ಷನ್ನು ಸರ್ಕಾರದ ನಿಯಮದ ಪ್ರಕಾರ ಅವ್ರದ್ದು, ಅದು ಈ ವಿಲ್ಲಿಗೆ ಸೇರಲ್ಲ, ಅದ್ರಲ್ಲಿ ಯಾರೂ ಪಾಲು ಕೇಳ್ಬೇಡಿ.

ನಾನು ಹೋದ ದಿನದಿಂದ, ಮೇಲೆ ಹೇಳಿದ ಹಕ್ಕಿಗೆ ಒಳಪಟ್ಟು, ಮನೆಯ ಒಡೆತನ ಹೀಗೆ: ಅರ್ಧ ವೀಣಾಗೆ, ಕಾಲು ಭಾಗ ಸುಮಾಗೆ, ಕಾಲು ಭಾಗ ಪ್ರಸನ್ನಗೆ. ವೀಣಾಗೆ ಬೇರೆ ಮನೆ ಇಲ್ಲ, ಅದಕ್ಕೆ ಜಾಸ್ತಿ. ಪ್ರಸನ್ನ ಫ್ಲ್ಯಾಟ್ ತಗೊಳ್ಳೋವಾಗ 2014ರಲ್ಲಿ ನಾನು 8 ಲಕ್ಷ ಕೊಟ್ಟಿದೀನಿ, ಅದು ಸಾಲ ಅಲ್ಲ, ವಾಪಸ್ ಕೊಡೋದು ಬೇಡ, ಆದ್ರೆ ಪಾಲು ಹಾಕೋವಾಗ ಅದನ್ನ ಲೆಕ್ಕಕ್ಕೆ ತಗೊಂಡಿದೀನಿ, ಅವನಿಗೂ ಹೇಳಿದೀನಿ. ಅಪ್ಪಯ್ಯನ ಕಾಲದ ನಂತರ ಮನೆ ಮಾರೋದಾದ್ರೆ ಮೊದ್ಲು ಒಡಹುಟ್ಟಿದೋರನ್ನ ಕೇಳ್ಬೇಕು, ರಿಜಿಸ್ಟರ್ಡ್ ವ್ಯಾಲ್ಯುಯರ್ ಹತ್ರ ಬೆಲೆ ಕಟ್ಟಿಸಿ ಆ ರೇಟಿಗೆ ಕೊಡ್ಬೇಕು, ವೀಣಾ ತಗೊಳ್ತೀನಿ ಅಂದ್ರೆ ದುಡ್ಡು ಹೊಂದಿಸೋಕೆ ಎರಡು ವರ್ಷ ಟೈಮ್ ಕೊಡಿ. ನಮ್ಮನೆಯವ್ರು ನನಗಿಂತ ಮುಂಚೆ ಹೋದ್ರೆ ಇದೇ ಪಾಲು ನೇರವಾಗಿ ನಡೀಲಿ.

ಇನ್ನು ಉಳಿತಾಯ. ಪೋಸ್ಟಾಫೀಸಲ್ಲಿ ಸೀನಿಯರ್ ಸಿಟಿಜನ್ ಸ್ಕೀಮಲ್ಲಿ 15 ಲಕ್ಷ, ಬ್ಯಾಂಕಲ್ಲಿ ಎಫ್‌ಡಿ 9 ಲಕ್ಷ, ಪೆನ್ಷನ್ ಬರೋ ಎಸ್‌ಬಿ ಖಾತೆಯಲ್ಲಿ ಎಷ್ಟಿರುತ್ತೋ ಅಷ್ಟು. ಎಲ್ಲದಕ್ಕೂ ನಾಮಿನಿ ನಮ್ಮನೆಯವ್ರೇ, ಆದ್ರೆ ನಾಮಿನಿ ಆದ ಮಾತ್ರಕ್ಕೆ ದುಡ್ಡು ಅವ್ರದ್ದಾಗಲ್ಲ, ಅವ್ರು ತಗೊಂಡು ಈ ವಿಲ್ಲಿನ ಪ್ರಕಾರ ಹಂಚ್ಬೇಕು. ಮೊದ್ಲು ನನ್ನ ಆಸ್ಪತ್ರೆ ಖರ್ಚು, ಕರ್ಮಾಂತರದ ಖರ್ಚು ತೆಗೀರಿ, ಆಡಂಬರ ಬೇಡ. ಆಮೇಲೆ 6 ಲಕ್ಷ ನಮ್ಮನೆಯವ್ರಿಗೆ, ಇದು ಪೂರ್ತಿ ಅವ್ರದ್ದೇ, ಔಷಧಿಗೋ ಇನ್ಯಾವುದಕ್ಕೋ, ಲೆಕ್ಕ ಕೇಳೋದು ಬೇಡ. ಉಳಿದಿದ್ರಲ್ಲಿ ಅರ್ಧ ಸುಮಾಗೆ, ಕಾಲು ಪ್ರಸನ್ನಗೆ, ಕಾಲು ವೀಣಾಗೆ. ಎಲೆಚುಕ್ಕಿ ರೋಗ ಬಂದು ಸುಮಾ ಮನೆ ತೋಟದ ಫಸಲು ಬಿದ್ದುಹೋಗಿದೆ, ಅವಳಿಗೆ ಗೋಡೆಗಿಂತ ಕೈಲಿ ದುಡ್ಡು ಬೇಕು, ಅದಕ್ಕೆ ಹೀಗೆ ಮಾಡಿದೀನಿ. ಈ ದುಡ್ಡು ಅವಳ ಹೆಸ್ರಿನ ಖಾತೆಗೇ ಹೋಗ್ಬೇಕು. ಬಡ್ಡಿ ಸೇರಿ ಮೊತ್ತ ಹೆಚ್ಚಾದ್ರೂ ಖರ್ಚಾಗಿ ಕಮ್ಮಿಯಾದ್ರೂ ಇದೇ ಲೆಕ್ಕ, ಆದ್ರೆ ಆ 6 ಲಕ್ಷ ಮಾತ್ರ ಕಮ್ಮಿ ಆಗ್ಬಾರದು. ಅವ್ರು ನನಗಿಂತ ಮುಂಚೆ ಹೋಗಿದ್ರೆ ಆ 6 ಲಕ್ಷವೂ ಉಳಿದ ದುಡ್ಡಿಗೇ ಸೇರುತ್ತೆ.

ಬಂಗಾರ ಹೆಚ್ಚೇನಿಲ್ಲ, ಒಂದು ಜೊತೆ ಬಳೆ ವೀಣಾಗೆ, ಸರ ಸುಮಾ ಮಗಳಿಗೆ, ಉಂಗುರ ಪ್ರಸನ್ನನ ಹೆಂಡ್ತಿಗೆ. ಇಲ್ಲಿ ಬರೀದೆ ಬಿಟ್ಟುಹೋದದ್ದು ಏನೇ ಇದ್ರೂ ಮೂರೂ ಜನಕ್ಕೆ ಸಮ.

ಮಕ್ಕಳಲ್ಲಿ ಯಾರಾದ್ರೂ ನನಗಿಂತ ಮುಂಚೆ ಹೋದ್ರೆ, ದೇವರು ಹಾಗೆ ಮಾಡ್ದೇ ಇರ್ಲಿ, ಅವ್ರ ಪಾಲು ಅವ್ರ ಮಕ್ಕಳಿಗೆ, ಮಕ್ಕಳಿಲ್ದಿದ್ರೆ ಉಳಿದ ಇಬ್ರಿಗೆ ಸಮವಾಗಿ.

ಇದನ್ನ ಜಾರಿ ಮಾಡೋ ಎಕ್ಸಿಕ್ಯೂಟರ್ ಆಗಿ ಕೊಪ್ಪದಲ್ಲಿರೋ ನನ್ನ ತಮ್ಮ ಶ್ರೀಧರನ್ನ ನೇಮಿಸಿದೀನಿ, ಅವನಿಗೆ ಇದ್ರಲ್ಲಿ ಯಾವ ಪಾಲೂ ಇಲ್ಲ. ಅವನಿಗೆ ಆಗದಿದ್ರೆ ವೀಣಾ ನೋಡ್ಕೊಳ್ಲಿ. ವಿಲ್ಲಿಗೆ ರಿಜಿಸ್ಟ್ರೇಷನ್ ಕಡ್ಡಾಯ ಅಲ್ಲ, ಆದ್ರೂ ಮುಂದೆ ಜಗಳ ಬೇಡ ಅಂತ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ರಿಜಿಸ್ಟರ್ ಮಾಡಿಸ್ತೀನಿ. ಅಸಲು ಪ್ರತಿ, ಮನೆ ಕ್ರಯಪತ್ರ, ಪಾಸ್‌ಬುಕ್ಕು ಎಲ್ಲ ದೇವರ ಕೋಣೆ ಪಕ್ಕದ ಕಪಾಟಲ್ಲಿ ಹಸಿರು ಫೈಲಲ್ಲಿವೆ, ಒಂದೊಂದು ಜೆರಾಕ್ಸ್ ಮೂರೂ ಮಕ್ಕಳಿಗೆ ಕೊಡ್ತೀನಿ.

ಬರೆದವರು: ಸಾವಿತ್ರಿ (ಸಹಿ ಮತ್ತು ಎಡಗೈ ಹೆಬ್ಬೆಟ್ಟು)

ಸಾವಿತ್ರಿ ಅವ್ರು ನಮ್ಮಿಬ್ರ ಎದುರಿಗೇ ಓದಿ ಸಹಿ ಮಾಡಿದ್ರು, ನಾವೂ ಅವ್ರ ಎದುರಿಗೇ ಸಹಿ ಮಾಡಿದೀವಿ, ನಮ್ಗೆ ಇದ್ರಲ್ಲಿ ಯಾವ ಪಾಲೂ ಇಲ್ಲ.

ಸಾಕ್ಷಿ 1: ಗಿರಿಜಾ, ನಿವೃತ್ತ ಶಿಕ್ಷಕಿ, ಸೀಬಿನಕೆರೆ, ತೀರ್ಥಹಳ್ಳಿ (ಸಹಿ)
ಸಾಕ್ಷಿ 2: ಮಂಜುನಾಥ, ಅಂಗಡಿ ವ್ಯಾಪಾರ, ಸೀಬಿನಕೆರೆ, ತೀರ್ಥಹಳ್ಳಿ (ಸಹಿ)