ಬೇಗ ಮುಗಿಸಿದವರಿಗೆ: ಎರಡು ಭಿನ್ನರಾಶಿಗಳ ನಡುವೆ ಏನಿದೆ?

6ನೇ ತರಗತಿ, ಗಣಿತ. ವಿಷಯ: ಭಿನ್ನರಾಶಿಗಳ ಹೋಲಿಕೆ

ಬೇಕಾಗುವುದು: ಚೌಕುಳಿ ಹಾಳೆ 2, ಅಳತೆಪಟ್ಟಿ, ಪೆನ್ಸಿಲ್, 24 ಸೆಂ.ಮೀ. ಉದ್ದದ ಕಾಗದದ ಪಟ್ಟಿ 2.

ಇಲ್ಲಿರುವುದು ಐದೇ ಪ್ರಶ್ನೆ. ಎಲ್ಲವನ್ನೂ ಇವತ್ತೇ ಮುಗಿಸಬೇಕಿಲ್ಲ. ಒಂದನೆಯದನ್ನು ಎಲ್ಲರೂ ಮಾಡಿ, ಆಮೇಲೆ ನಿಮಗೆ ಹಿಡಿಸಿದ ಪ್ರಶ್ನೆಗೆ ಹೋಗಿ. ಬರೀ ಉತ್ತರ ಬರೆದು ನಿಲ್ಲಬೇಡಿ, "ಯಾಕೆ" ಎಂಬುದನ್ನೂ ಬರೆಯಿರಿ. ತಪ್ಪಾಯಿತು ಅನ್ನಿಸಿದರೆ ರಬ್ಬರಿನಿಂದ ಅಳಿಸಬೇಡಿ. ಅದರ ಮೇಲೆ ಒಂದು ಗೆರೆ ಎಳೆದು ಮುಂದುವರಿಯಿರಿ, ಏಕೆಂದರೆ ಎಲ್ಲಿ ದಾರಿ ತಪ್ಪಿತು ಎಂದು ಆಮೇಲೆ ನೋಡಬೇಕಾಗುತ್ತದೆ.

ಪ್ರಶ್ನೆ 1. ಛೇದ ಸಮ ಮಾಡದೆ ಹೇಳಿ

ಈ ಮೂರು ಜೋಡಿಗಳಲ್ಲಿ ಯಾವುದು ದೊಡ್ಡದು?

5/7 ಮತ್ತು 5/9
7/8 ಮತ್ತು 8/9
3/7 ಮತ್ತು 5/9

ಲ.ಸಾ.ಅ. ತೆಗೆಯುವಂತಿಲ್ಲ, ಅಡ್ಡ ಗುಣಾಕಾರ ಮಾಡುವಂತಿಲ್ಲ, ದಶಮಾಂಶಕ್ಕೆ ತಿರುಗಿಸುವಂತಿಲ್ಲ. ಒಂದೊಂದು ಜೋಡಿಗೂ ಒಂದೊಂದು ಬೇರೆ ಕಾರಣ ಇದೆ. ಅದನ್ನು ನಿಮ್ಮ ಮಾತಿನಲ್ಲೇ ಬರೆಯಿರಿ.

ಈಗ ಪ್ರತಿ ಕಾರಣಕ್ಕೂ ಒಂದು ಹೊಸ ಜೋಡಿಯನ್ನು ನೀವೇ ಮಾಡಿ. ಪಕ್ಕದವರಿಗೆ ಕೊಡಿ. ನೀವು ಅಂದುಕೊಂಡ ಕಾರಣವನ್ನೇ ಅವರೂ ಹೇಳಿದರೇ, ಅಥವಾ ಬೇರೆ ದಾರಿ ಹಿಡಿದರೇ?

ಕೊನೆಗೆ 5/8 ಮತ್ತು 7/11 ನೋಡಿ. ನಿಮ್ಮ ಮೂರು ಕಾರಣಗಳಲ್ಲಿ ಯಾವುದಾದರೂ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆಯೇ? ಬರದಿದ್ದರೆ ಎರಡು ಕಾರಣಗಳನ್ನು ಒಂದರ ಹಿಂದೆ ಒಂದು ಬಳಸಿ ನೋಡಿ.

ಅನುಮಾನ ಇದ್ದರೆ ಕಾಗದದ ಪಟ್ಟಿಯಲ್ಲಿ ಅಳೆಯಿರಿ. 24 ಸೆಂ.ಮೀ. ಪಟ್ಟಿಯ 7/8 ಅಂದರೆ 21 ಸೆಂ.ಮೀ. 8/9 ಎಷ್ಟು ಸೆಂ.ಮೀ.? ಎರಡು ಗುರುತುಗಳ ನಡುವಿನ ಅಂತರ 3 ಮಿ.ಮೀ.ಗಿಂತ ತುಸು ಹೆಚ್ಚು, ಅಷ್ಟೇ. ಕೈಯಲ್ಲಿ ಬಿಡಿಸಿದ ವೃತ್ತದ ಚಿತ್ರ ನೋಡಿ ಇದನ್ನು ತೀರ್ಮಾನಿಸಲು ಹೋದರೆ ಏನಾಗಬಹುದು?

ಪ್ರಶ್ನೆ 2. ಈ ನಿಯಮವನ್ನು ನಂಬಬಹುದೇ?

ಒಬ್ಬ ವಿದ್ಯಾರ್ಥಿಯ ಮಾತು ಇದು: "ಛೇದದಿಂದ ಅಂಶವನ್ನು ಕಳೆಯಿರಿ. ಯಾವುದರ ವ್ಯತ್ಯಾಸ ಕಡಿಮೆಯೋ ಅದೇ ದೊಡ್ಡ ಭಿನ್ನರಾಶಿ. 5/6ರಲ್ಲಿ ವ್ಯತ್ಯಾಸ 1, 3/5ರಲ್ಲಿ 2. ಹಾಗಾಗಿ 5/6 ದೊಡ್ಡದು."

ಉತ್ತರ ಸರಿಯಿದೆ. ನಿಯಮ?

ನಿಯಮ ಸರಿಹೋಗುವ ಇನ್ನೆರಡು ಜೋಡಿ ಹುಡುಕಿ. ಅದನ್ನು ಮುರಿಯುವ ಒಂದು ಜೋಡಿಯನ್ನೂ ಹುಡುಕಿ. ಮುರಿಯುವ ಜೋಡಿ ಸಿಕ್ಕಿತೆಂದು ನಿಯಮವನ್ನು ಬಿಸಾಡಬೇಡಿ. ಅದಕ್ಕೆ ಒಂದು ಷರತ್ತು ಸೇರಿಸಿದರೆ ಅದು ಯಾವಾಗಲೂ ನಿಜವಾಗುತ್ತದೆ. ಆ ಷರತ್ತು ಏನು? 3/5 ಮತ್ತು 5/7ರಲ್ಲಿ ವ್ಯತ್ಯಾಸ ಎರಡರಲ್ಲೂ 2. ಹಾಗಾದರೆ ಅವು ಸಮವೇ? ಇಲ್ಲಿಂದ ಶುರು ಮಾಡಿದರೆ ಷರತ್ತು ಬೇಗ ಕಾಣುತ್ತದೆ.

ಪ್ರಶ್ನೆ 3. ಅಂಶಕ್ಕೆ ಅಂಶ, ಛೇದಕ್ಕೆ ಛೇದ

ಈ ಹಾಳೆಯಲ್ಲಿ ಹೆಚ್ಚು ಹೊತ್ತು ಕೂರಬೇಕಾದ ಪ್ರಶ್ನೆ ಇದೇ.

1/5 ಮತ್ತು 2/3 ತೆಗೆದುಕೊಳ್ಳಿ. ಅಂಶಗಳನ್ನು ಕೂಡಿ: 3. ಛೇದಗಳನ್ನು ಕೂಡಿ: 8. ಬಂದದ್ದು 3/8. ಇದು 1/5 ಮತ್ತು 2/3ರ ಮೊತ್ತ ಅಲ್ಲ ಎಂದು ನಿಮಗೆ ಗೊತ್ತು, ಮೊತ್ತ 13/15. ಹಾಗಾದರೆ 3/8 ಏನು? ಅದು ಸಂಖ್ಯಾರೇಖೆಯ ಮೇಲೆ ಎಲ್ಲಿದೆ?

(ಅ) ನಿಮಗೆ ಇಷ್ಟವಾದ ಐದು ಜೋಡಿಗಳಿಗೆ ಹೀಗೇ ಮಾಡಿ. ಪ್ರತಿ ಸಲವೂ ಹೊಸ ಭಿನ್ನರಾಶಿ ಎರಡರ ನಡುವೆಯೇ ಬೀಳುತ್ತದೆಯೇ? ಒಂದೇ ಒಂದು ಸಲ ಹೊರಗೆ ಬಿದ್ದರೂ ಸಾಕು, ಆ ಜೋಡಿಯನ್ನು ದೊಡ್ಡದಾಗಿ ಬರೆದಿಡಿ.

(ಆ) ಈಗ ಕಾರಣ ನೋಡೋಣ. ಚೌಕುಳಿ ಹಾಳೆಯ ಎಡಗಡೆಯ ಕೆಳಮೂಲೆಯಲ್ಲಿ ಒಂದು ಚುಕ್ಕಿ ಇಡಿ. ಅದು ಹೊರಡುವ ಜಾಗ. 1/5 ಎಂದರೆ 5 ಚೌಕ ಬಲಕ್ಕೆ, 1 ಚೌಕ ಮೇಲಕ್ಕೆ. ಅಲ್ಲೊಂದು ಚುಕ್ಕಿ ಇಟ್ಟು ಹೊರಟ ಜಾಗಕ್ಕೆ ಗೆರೆ ಸೇರಿಸಿ. ಹಾಗೆಯೇ 2/3: ಹೊರಟ ಜಾಗದಿಂದ 3 ಬಲಕ್ಕೆ, 2 ಮೇಲಕ್ಕೆ, ಮತ್ತೊಂದು ಗೆರೆ. ದೊಡ್ಡ ಭಿನ್ನರಾಶಿಯ ಗೆರೆ ಹೇಗಿದೆ? ಈಗ 1/5ರ ಚುಕ್ಕಿಯಲ್ಲಿ ನಿಂತು, ಅಲ್ಲಿಂದ 3 ಬಲಕ್ಕೆ, 2 ಮೇಲಕ್ಕೆ ನಡೆಯಿರಿ. ಎಲ್ಲಿಗೆ ಬಂದಿರಿ? ಆ ಚುಕ್ಕಿಯನ್ನು ಹೊರಟ ಜಾಗಕ್ಕೆ ಸೇರಿಸಿ. ಮೂರನೆಯ ಗೆರೆ ಎಲ್ಲಿ ಬಿತ್ತು? ಅದು ಮೊದಲ ಎರಡು ಗೆರೆಗಳ ಹೊರಗೆ ಹೋಗಲು ಸಾಧ್ಯವೇ? ಯಾಕೆ ಇಲ್ಲ?

(ಇ) 1/5 ಮತ್ತು 2/10 ಒಂದೇ ಬೆಲೆಯವು. ಆದರೆ 2/10 ಮತ್ತು 2/3 ತೆಗೆದುಕೊಂಡು ಹಾಗೆಯೇ ಕೂಡಿದರೆ 4/13 ಬರುತ್ತದೆ, 3/8 ಬರುವುದಿಲ್ಲ. ಚಿತ್ರದಲ್ಲಿ ಏನು ಬದಲಾಯಿತು ನೋಡಿ. 1/5ಕ್ಕೆ ತೀರಾ ಹತ್ತಿರದಲ್ಲಿ, ಆದರೆ ಅದಕ್ಕಿಂತ ದೊಡ್ಡದಾದ ಭಿನ್ನರಾಶಿ ಬೇಕಿದ್ದರೆ 1/5ನ್ನು ಹೇಗೆ ಬರೆಯಬೇಕು? 2/3ಕ್ಕೆ ಹತ್ತಿರ ಬೇಕಿದ್ದರೆ?

(ಈ) ಒಬ್ಬಳು ಬುಟ್ಟಿಗೆ ಚೆಂಡು ಎಸೆಯುತ್ತಿದ್ದಾಳೆ. ಮೊದಲು 5 ಎಸೆತದಲ್ಲಿ 1 ಬುಟ್ಟಿಗೆ ಬಿತ್ತು, ಆಮೇಲೆ 3 ಎಸೆತದಲ್ಲಿ 2. ಒಟ್ಟು 8ರಲ್ಲಿ 3. ಇಲ್ಲಿ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿದ್ದು ಸರಿಯಾಗಿಯೇ ಇದೆಯಲ್ಲ! ಒಂದು ರೊಟ್ಟಿಯ 1/5 ಮತ್ತು ಅದೇ ರೊಟ್ಟಿಯ 2/3 ಸೇರಿಸುವಾಗ ಮಾತ್ರ ಹಾಗೆ ಮಾಡಬಾರದು. ಎರಡು ಸಂದರ್ಭಕ್ಕೂ ಇರುವ ವ್ಯತ್ಯಾಸ ಏನು? ಇಂಥದೇ ಇನ್ನೊಂದು ಸಂದರ್ಭ ಕಟ್ಟಿ ಬರೆಯಿರಿ.

ಪ್ರಶ್ನೆ 4. ಸಾಲಾಗಿ ನಿಲ್ಲಿಸಿ

0/1ರಿಂದ 1/1ರವರೆಗೆ, ಛೇದ 5 ಅಥವಾ ಅದಕ್ಕಿಂತ ಕಡಿಮೆ ಇರುವ ಎಲ್ಲ ಭಿನ್ನರಾಶಿಗಳನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಬರೆಯಿರಿ. ಸಂಕ್ಷಿಪ್ತ ರೂಪ ಮಾತ್ರ, 2/4ಕ್ಕೆ ಜಾಗವಿಲ್ಲ. ಒಟ್ಟು 11 ಬಂದರೆ ಸರಿ.

ಈ ಸಾಲನ್ನು ಸುಮ್ಮನೆ ಎರಡು ನಿಮಿಷ ನೋಡಿ, ಕಂಡದ್ದನ್ನೆಲ್ಲ ಬರೆಯಿರಿ. ಮಧ್ಯದ 1/2ರ ಎರಡೂ ಕಡೆ ಏನಿದೆ? ಅಕ್ಕಪಕ್ಕದ ಎರಡನ್ನು ಅಡ್ಡ ಗುಣಿಸಿದರೆ ಏನು ಬರುತ್ತದೆ? ಸಾಲಾಗಿ ನಿಂತ ಮೂರರಲ್ಲಿ ನಡುವಿನದಕ್ಕೂ ಪ್ರಶ್ನೆ 3ಕ್ಕೂ ಏನು ನಂಟು?

ಈಗ ಛೇದ 6ನ್ನೂ ಸೇರಿಸಿ. ಹೊಸದಾಗಿ ಬಂದದ್ದು ಎರಡೇ. ಛೇದ 7ನ್ನು ಸೇರಿಸಿದರೆ ಆರು. ಯಾಕೆ ಇಷ್ಟು ವ್ಯತ್ಯಾಸ? 8 ಮತ್ತು 9ಕ್ಕೆ ಎಷ್ಟೆಷ್ಟು ಹೊಸಬರು ಬರುತ್ತಾರೆ ಎಂದು ಸಾಲನ್ನು ಬರೆಯದೆ ಮೊದಲೇ ಹೇಳಿ, ಆಮೇಲೆ ಬರೆದು ಪರೀಕ್ಷಿಸಿ.

ಈ ಸಾಲಿಗೆ ಫೇರಿ ಸಾಲು ಎಂಬ ಹೆಸರಿದೆ. ಜಾನ್ ಫೇರಿ ಇಂಗ್ಲೆಂಡಿನ ಭೂವಿಜ್ಞಾನಿ. ನಡುವಿನ ಭಿನ್ನರಾಶಿಯ ಈ ಗುಣವನ್ನು ಅವರು 1816ರಲ್ಲಿ ಪ್ರಕಟಿಸಿದರು, ಆದರೆ ಅದು ಯಾಕೆ ಹಾಗೆ ಎಂಬುದಕ್ಕೆ ಸಾಧನೆ ಕೊಟ್ಟಿರಲಿಲ್ಲ. ಅದನ್ನು ಫ್ರಾನ್ಸಿನ ಗಣಿತಜ್ಞ ಕೌಶಿ ಒದಗಿಸಿದರು. ನಿಮಗೆ ಕಂಡದ್ದಕ್ಕೆ ಕಾರಣ ಗೊತ್ತಾಗದಿದ್ದರೂ ಬರೆದಿಡಿ.

ಪ್ರಶ್ನೆ 5. 1/2ರ ಪಕ್ಕದಲ್ಲಿ ಯಾರು?

ಎಣಿಸುವಾಗ 3 ಆದಮೇಲೆ 4. ನಡುವೆ ಯಾರೂ ಇಲ್ಲ. ಹಾಗಾದರೆ 1/2 ಆದಮೇಲಿನ ಭಿನ್ನರಾಶಿ ಯಾವುದು? "51/100" ಎಂದು ಒಬ್ಬರು ಹೇಳುತ್ತಾರೆ. ಅವರಿಗೆ ಏನು ಹೇಳುತ್ತೀರಿ? ನಿಮ್ಮ ಉತ್ತರಕ್ಕೆ ಅವರು ಮತ್ತೊಂದು ಭಿನ್ನರಾಶಿ ತಂದರೆ? ಈ ಜಗಳ ಎಲ್ಲಿಗೆ ನಿಲ್ಲುತ್ತದೆ? ನಾಲ್ಕು ಸಾಲಿನಲ್ಲಿ ಬರೆಯಿರಿ.

---

ಹಿಂಬದಿ: ಶಿಕ್ಷಕರಿಗೆ

ತರಗತಿಯ ಅಭ್ಯಾಸ ಮುಗಿಸಿ, ಕನಿಷ್ಠ ಎರಡು ಲೆಕ್ಕಕ್ಕೆ ಕಾರಣ ಬಾಯಲ್ಲಿ ಹೇಳಬಲ್ಲವರಿಗೆ ಈ ಹಾಳೆ ಕೊಡಿ. ಬೇಗ ಮುಗಿಸಿ ತಪ್ಪು ಮಾಡಿದವರಿಗೆ ಇದನ್ನು ಕೊಟ್ಟರೆ ತಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ. ಒಂದು ಅವಧಿಯಲ್ಲಿ ಸಿಗುವ 10–15 ನಿಮಿಷದಲ್ಲಿ ಒಂದು ಪ್ರಶ್ನೆ ಸಾಕು. ಹಾಳೆಯನ್ನು ಪುಸ್ತಕದಲ್ಲೇ ಇಟ್ಟುಕೊಂಡು ಮುಂದಿನ ದಿನ ಮುಂದುವರಿಸಲಿ. ಅಂಕ ಹಾಕಬೇಡಿ, ಹಾಕಿದರೆ ಮಕ್ಕಳು ಕಾರಣ ಬಿಟ್ಟು ಉತ್ತರದ ಹಿಂದೆ ಬೀಳುತ್ತಾರೆ.

ಪ್ರಶ್ನೆ 1ರ ಮೂರು ಕಾರಣ: ಅಂಶ ಒಂದೇ ಇದ್ದರೆ ತುಂಡು ದೊಡ್ಡದಿರುವುದು ದೊಡ್ಡದು (5/7), 1ಕ್ಕೆ ಎಷ್ಟು ಕಡಿಮೆ ಎಂದು ನೋಡುವುದು (1/9 ಚಿಕ್ಕದು, ಹಾಗಾಗಿ 8/9), ಅರ್ಧಕ್ಕೆ ಹೋಲಿಸುವುದು (3/7 ಅರ್ಧಕ್ಕಿಂತ ಕಡಿಮೆ, 5/9 ಹೆಚ್ಚು). 5/8, 7/11ಕ್ಕೆ ಉಳಿದ ಭಾಗ 3/8 ಮತ್ತು 4/11. ಅವನ್ನು 12/32, 12/33 ಎಂದು ಬರೆದರೆ ಮೊದಲ ಕಾರಣ ಮತ್ತೆ ಕೆಲಸಕ್ಕೆ ಬರುತ್ತದೆ. 4/11 ಚಿಕ್ಕದು, ಆದ್ದರಿಂದ 7/11 ದೊಡ್ಡದು. "8/9ರಲ್ಲಿ ಅಂಕಿಗಳು ದೊಡ್ಡವು, ಅದಕ್ಕೇ ದೊಡ್ಡದು" ಎಂದು ಬರೆದವರಿಗೆ 7/8 ಮತ್ತು 8/10 ಕೊಟ್ಟು ನೋಡಿ.

ಪ್ರಶ್ನೆ 2ನ್ನು 1/2 ಮತ್ತು 7/9 ಮುರಿಯುತ್ತದೆ. ಷರತ್ತು: ವ್ಯತ್ಯಾಸ ಕಡಿಮೆ ಇರುವ ಭಿನ್ನರಾಶಿಯ ಛೇದ ಇನ್ನೊಂದರ ಛೇದಕ್ಕಿಂತ ಚಿಕ್ಕದಿರಬಾರದು. ಮಕ್ಕಳು ಇದನ್ನು "ಕಡಿಮೆ ತುಂಡು ಬಾಕಿ, ತುಂಡೂ ಚಿಕ್ಕದು" ಎಂದು ಬರೆದರೆ ಅದು ಪೂರ್ತಿ ಸರಿಯಾದ ಉತ್ತರ.

ಪ್ರಶ್ನೆ 3ರಲ್ಲಿ ಸಾಮಾನ್ಯವಾಗಿ ಎಡವುವುದು ಚಿತ್ರದಲ್ಲಿ. ಅಂಶವನ್ನು ಬಲಕ್ಕೆ, ಛೇದವನ್ನು ಮೇಲಕ್ಕೆ ನಡೆದುಬಿಡುತ್ತಾರೆ. ಆಗ ದೊಡ್ಡ ಭಿನ್ನರಾಶಿಯ ಗೆರೆ ಕೆಳಗೆ ಬರುತ್ತದೆ. ತಿದ್ದುವ ಬದಲು "ಯಾವ ಗೆರೆ ಹೆಚ್ಚು ಕಡಿದಾಗಿದೆ, ಅದು ದೊಡ್ಡದೇ?" ಎಂದು ಕೇಳಿ. ಹೊರಟ ಜಾಗದ ಚುಕ್ಕಿ ಹಾಳೆಯ ನಡುವೆ ಇಟ್ಟವರಿಗೆ (ಇ)ಗೆ ಜಾಗ ಸಾಲುವುದಿಲ್ಲ, 13 ಚೌಕ ಬಲಕ್ಕೆ ಬೇಕು. (ಈ)ಯಲ್ಲಿ ನೋಡಬೇಕಾದದ್ದು "ಒಟ್ಟು" ಬದಲಾಗುತ್ತದೆಯೇ ಎಂಬುದು: ಎಸೆತಗಳಲ್ಲಿ 5 ಮತ್ತು 3 ಬೇರೆ ಬೇರೆ ಗುಂಪು, ಸೇರಿ 8. ರೊಟ್ಟಿ ಮಾತ್ರ ಎರಡು ಸಲವೂ ಅದೇ ಒಂದು. ಈ ಪ್ರಶ್ನೆ ಮಾಡಿದ ಮಗು ಮರುದಿನ ಭಿನ್ನರಾಶಿಗಳನ್ನು ಕೂಡುವಾಗ ಛೇದಗಳನ್ನೂ ಕೂಡಿದರೆ, ಮತ್ತೆ ಇಲ್ಲಿಗೇ ಕರೆತನ್ನಿ.

ಪ್ರಶ್ನೆ 4: 8ಕ್ಕೆ 4 ಹೊಸಬರು, 9ಕ್ಕೆ 6. ಸಾಲುಗಳ ಉದ್ದ ಛೇದ 5ರಿಂದ 9ರವರೆಗೆ ಕ್ರಮವಾಗಿ 11, 13, 19, 23, 29. ಛೇದ 6ರಲ್ಲಿ 2/6, 3/6, 4/6 ಬೇರೆ ಹೆಸರಿನಲ್ಲಿ ಆಗಲೇ ಸಾಲಿನಲ್ಲಿವೆ. ಅಡ್ಡ ಗುಣಿಸಿದರೆ ವ್ಯತ್ಯಾಸ ಯಾವಾಗಲೂ 1. ಅದು 1 ಬರದ ಕಡೆ ಮಗು ಒಂದು ಭಿನ್ನರಾಶಿ ಬಿಟ್ಟಿದೆ ಅಥವಾ ಕ್ರಮ ತಪ್ಪಿದೆ. ಹಾಗಾಗಿ ಸಾಲನ್ನು ಮಕ್ಕಳು ತಾವೇ ಪರೀಕ್ಷಿಸಿಕೊಳ್ಳಬಹುದು.

ಪ್ರಶ್ನೆ 5ನ್ನು ವಾರದ ಕೊನೆಯ ಅವಧಿಯಲ್ಲಿ ಐದು ನಿಮಿಷ ಕರಿಹಲಗೆಯ ಮೇಲೆ ಇಡೀ ತರಗತಿಗೆ ಹಾಕಿ. ಹಾಳೆ ಸಿಗದ ಮಕ್ಕಳೂ ಅದಕ್ಕೆ ಉತ್ತರಿಸಬಲ್ಲರು, 1/2 ಮತ್ತು 51/100 ಎರಡೂ ಅವರಿಗೆ ಗೊತ್ತಿರುವ ಸಂಖ್ಯೆಗಳೇ.